‘ದಯವಿಟ್ಟು ಸಹಕರಿಸಿ’ ಅಂದರೆ ಏನು ಮಾಡಬೇಕು?

ಅಪಾರ್ಟ್‌ಮೆಂಟಿನಲ್ಲಿ ಇರೋರು ಈ ಥರದ ಚೀಟಿನ ಲಿಫ್ಟಿನ ಗೋಡೆ ಮೇಲೆ ಖಂಡಿತ ನೋಡಿರ್ತೀರ. ‘ನಮ್ಮ ಮನೆಯಲ್ಲಿ ಶುಭ ಸಮಾರಂಭ ಇರುವುದರಿಂದ ತಮಗೆ ಸ್ವಲ್ಪ ತೊಂದರೆ ಆಗಬಹುದು, ದಯವಿಟ್ಟು ಸಹಕರಿಸಿ.’ ಕೆಳಗೆ ಮನೆ ನಂಬರು, ಪಕ್ಕದಲ್ಲಿ ಒಂದು ಗಣಪತಿ ಚಿತ್ರ. ಓದಿದವರು ಏನು ಮಾಡಬೇಕು? ಕಾರನ್ನ ಬೇರೆ ಕಡೆ ಇಡಬೇಕಾ? ಮಗುನ ಮಧ್ಯಾಹ್ನ ಮಲಗಿಸಬಹುದಾ? ರಾತ್ರಿ ಎಷ್ಟು ಗಂಟೆಗೆ ಮುಗಿಯುತ್ತೆ? ಒಂದಕ್ಕೂ ಉತ್ತರ ಇಲ್ಲ. ಆ ಚೀಟಿ ಹೇಳೋದು ಇಷ್ಟೇ: ಗಲಾಟೆ ಆಗುತ್ತೆ, ನೀವು ಸುಮ್ಮನಿರಿ.

ಈ ವರ್ಷ ಮೇ ತಿಂಗಳಲ್ಲಿ ಅಂಥದೊಂದು ಚೀಟಿ ಬರೆಯೋ ಕೆಲಸ ನಮ್ಮ ಪಾಲಿಗೆ ಬಂತು. ನಾವು ಅಂದರೆ ಮದುವೆ ಹುಡುಗಿಯ ಇಬ್ಬರು ತಮ್ಮಂದಿರು. ಒಬ್ಬ ಆರನೇ ಸೆಮ್, ಇನ್ನೊಬ್ಬ ನಾಲ್ಕನೇ ಸೆಮ್, ಇಬ್ಬರೂ ಇದೇ ಕಾಲೇಜು. ಅಕ್ಕನ ರಿಸೆಪ್ಷನ್ ಭಾನುವಾರ ಸಂಜೆ, ಮುಹೂರ್ತ ಸೋಮವಾರ, ಎರಡೂ ಛತ್ರದಲ್ಲಿ. ಆದರೆ ಚಪ್ಪರ, ಬಳೆ ಶಾಸ್ತ್ರ, ಅರಿಶಿನ ಮಾತ್ರ ಶನಿವಾರ ಮನೆಯಲ್ಲೇ ಆಗಬೇಕು ಅಂತ ಅಜ್ಜಿ ಹಟ. ಮನೆ ಅಂದರೆ ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನ ಎರಡನೇ ಮಹಡಿ. ನಾಲ್ಕು ಮಹಡಿ, ಮೂವತ್ತೆರಡು ಮನೆ, ಒಂದೇ ಲಿಫ್ಟು, ಹೊರಗಿನಿಂದ ಬಂದವರ ಕಾರಿಗೆ ನಾಲ್ಕೇ ಜಾಗ. ಕರೆದಿದ್ದು ನೂರಿಪ್ಪತ್ತು ಜನ. ಊಟ ಟೆರೇಸಿನ ಮೇಲೆ, ಶಾಮಿಯಾನ ಹಾಕಿ.

ಅಸೋಸಿಯೇಷನ್‌ನವರು ಟೆರೇಸಿಗೆ ಒಪ್ಪಿಗೆ ಕೊಟ್ಟರು. ‘ಎಲ್ಲರಿಗೂ ಒಂದು ನೋಟೀಸ್ ಕೊಟ್ಬಿಡಿ, ಆಯ್ತು’ ಅಂದರು. ಆಗಲೇ ಶುರುವಾಗಿದ್ದು ತಲೆನೋವು.

ಕರೆಯೋದು ಬೇರೆ, ತಿಳಿಸೋದು ಬೇರೆ

ಮೊದಲ ಅಡ್ಡಿ ಅಮ್ಮನದು. ‘ಮೂವತ್ತೆರಡು ಮನೆಗೂ ಊಟ ಹಾಕೋಕೆ ನಮ್ಮ ಕೈಲಾಗಲ್ಲ. ಊಟಕ್ಕೆ ಕರೀದೇ ಗಲಾಟೆ ಇದೆ ಅಂತ ಮಾತ್ರ ಹೇಳಿದ್ರೆ ಏನಂದ್ಕೋತಾರೋ?’ ಅಂದರು. ಊರಲ್ಲಿ ಈ ಪ್ರಶ್ನೆಯೇ ಹುಟ್ಟಲ್ಲ. ಯಾರಿಗೆ ವಾಲಗ ಕೇಳಿಸುತ್ತೋ ಅವರೆಲ್ಲ ಊಟಕ್ಕೆ ಬಂದೇ ಬಂದಿರ್ತಾರೆ. ಅಪಾರ್ಟ್‌ಮೆಂಟಿನಲ್ಲಿ ಶಬ್ದ ಎಲ್ಲರಿಗೂ, ಊಟ ಕೆಲವರಿಗೆ.

ಎರಡನ್ನೂ ಒಂದೇ ಹಾಳೆಯಲ್ಲಿ ಹಾಕೋದು ಬೇಡ ಅಂತ ತೀರ್ಮಾನಿಸಿದೆವು. ಊಟಕ್ಕೆ ಕರೆಯೋರನ್ನ ಅಪ್ಪ ಅಮ್ಮ ಅರಿಶಿನ ಕುಂಕುಮ ಹಿಡಿದು ಮನೆಗೇ ಹೋಗಿ ಕರೆದರು: ನಮ್ಮ ಮಹಡಿಯ ಏಳು ಮನೆ, ಮೇಲೆ ಕೆಳಗಿನ ಎರಡು ಮನೆ, ಅಮ್ಮನ ವಾಕಿಂಗ್ ಗೆಳತಿಯರ ಮೂರು ಮನೆ. ನೋಟೀಸು ಮಾತ್ರ ಎಲ್ಲ ಮನೆಗೂ ಒಂದೇ, ಒಂದಕ್ಷರ ಹೆಚ್ಚು ಕಮ್ಮಿ ಇಲ್ಲದೆ. ಅದರಲ್ಲಿ ‘ಬನ್ನಿ, ಆಶೀರ್ವದಿಸಿ’ ಅನ್ನೋ ಸಾಲು ಹಾಕಲಿಲ್ಲ. ಹಾಕಿದರೆ ಬರಬೇಕೋ ಬೇಡವೋ ಅಂತ ಇಪ್ಪತ್ತು ಮನೆಯವರು ಯೋಚಿಸಬೇಕಾಗುತ್ತೆ, ಅಡುಗೆಯವರು ಎಷ್ಟು ಎಲೆ ಅಂತ ಕೇಳಿದರೆ ಅಪ್ಪನ ಹತ್ತಿರ ಉತ್ತರ ಇರಲ್ಲ.

ಮೊದಲ ಹಾಳೆಯಲ್ಲಿ ಪ್ರಶ್ನೆ, ಎರಡನೇದರಲ್ಲಿ ಉತ್ತರ

ನೋಟೀಸನ್ನ ಎರಡು ಸಲ ಕೊಟ್ಟೆವು. ಹನ್ನೆರಡು ದಿನ ಮೊದಲು ಒಂದು, ಎರಡು ದಿನ ಮೊದಲು ಇನ್ನೊಂದು. ಮೊದಲನೆಯದರಲ್ಲಿ ದಿನ, ಅಂದಾಜು ಸಮಯ, ಆಮೇಲೆ ಒಂದು ಪ್ರಶ್ನೆ: ‘ಆ ಎರಡು ದಿನ ನಿಮ್ಮ ಮನೆಯಲ್ಲಿ ಪರೀಕ್ಷೆ, ಕಾಯಿಲೆ, ರಾತ್ರಿ ಪಾಳಿ, ಸಣ್ಣ ಮಗು, ಆಸ್ಪತ್ರೆಗೆ ಹೋಗೋದು ಏನಾದರೂ ಇದೆಯಾ? ಈಗಲೇ ತಿಳಿಸಿದರೆ ಸಮಯ ಬದಲಾಯಿಸಿಕೊಳ್ಳಲು ನಮಗೆ ಅವಕಾಶ ಇರುತ್ತದೆ.’ ಹಿಂದಿನ ದಿನ ಕೇಳಿದರೆ ಈ ಪ್ರಶ್ನೆಗೆ ಬೆಲೆ ಇಲ್ಲ. ಅಷ್ಟರಲ್ಲಿ ವಾಲಗದವರು, ಶಾಮಿಯಾನದವರು, ಅಡುಗೆಯವರು ಎಲ್ಲರಿಗೂ ಗಂಟೆ ಹೇಳಿ ಮುಂಗಡ ಕೊಟ್ಟಾಗಿರುತ್ತೆ.

ಹಾಳೆನ ಮನೆಮನೆಗೆ ಹೋಗಿ ಕೈಗೇ ಕೊಟ್ಟೆವು. ವಾಟ್ಸಾಪ್ ಗ್ರೂಪಿಗೂ ಹಾಕಿದೆವು, ಆದರೆ ಅದನ್ನ ನಂಬಿ ಕೂರಲಿಲ್ಲ. ಯಾಕೆ ಅಂದರೆ ನಮ್ಮ ಗ್ರೂಪಿನಲ್ಲಿರೋದು ಮನೆ ಮಾಲೀಕರು. ಬಾಡಿಗೆಗೆ ಇರೋ ಹನ್ನೊಂದು ಮನೆಗಳಲ್ಲಿ ಎಂಟು ಮನೆಯವರು ಅದರಲ್ಲಿ ಇಲ್ಲ. ಮಾಲೀಕರು ಹುಬ್ಬಳ್ಳಿಯಲ್ಲೋ ದುಬೈಯಲ್ಲೋ ಕೂತು ನಮ್ಮ ಮೆಸೇಜಿಗೆ ಹೂವಿನ ಚಿತ್ರ ಕಳಿಸ್ತಾರೆ. ನಿದ್ದೆ ಕೆಡೋದು ಇಲ್ಲಿರೋರಿಗೆ. ಹಾಳೆಯ ಒಂದು ಬದಿ ಕನ್ನಡ, ಇನ್ನೊಂದು ಬದಿ ಇಂಗ್ಲಿಷ್. ನಾಲ್ಕನೇ ಮಹಡಿಯಲ್ಲಿ ಒಡಿಶಾದಿಂದ ಬಂದ ಹುಡುಗರಿದ್ದಾರೆ, ಅವರಿಗೂ ಅರ್ಥ ಆಗಬೇಕಲ್ಲ.

ಉತ್ತರ ಬಂದಿದ್ದು ಮೂರೇ ಮನೆಯಿಂದ. ಆ ಮೂರೂ ನಮ್ಮ ಇಡೀ ಪ್ಲಾನನ್ನ ಬದಲಾಯಿಸಿದವು.

ಒಂದು, ಮೊದಲನೇ ಮಹಡಿಯ ತಾತ. ಹೃದಯದ ಆಪರೇಷನ್ ಆಗಿ ಮನೆಗೆ ಬಂದು ಮೂರು ವಾರ ಆಗಿತ್ತು. ಅವರ ಮಗಳು ಹೇಳಿದ್ದು: ‘ವಾಲಗ ಶುರು ಮಾಡೋಕೆ ಹತ್ತು ನಿಮಿಷ ಮುಂಚೆ ಹೇಳಿ, ಅಪ್ಪನ್ನ ಹಿಂದಿನ ರೂಮಿಗೆ ಕರ್ಕೊಂಡು ಹೋಗ್ತೀನಿ. ಆಮೇಲೆ ಗೇಟಿನ ಹತ್ರ ಮಾತ್ರ ಗಾಡಿ ನಿಲ್ಲಿಸಬೇಡಿ ಕಣ್ರಪ್ಪಾ, ಯಾವ ಹೊತ್ತಲ್ಲಿ ಹೊರಡಬೇಕಾಗುತ್ತೋ ಗೊತ್ತಿಲ್ಲ.’

ಎರಡು, ನಾಲ್ಕನೇ ಮಹಡಿಯ ಹುಡುಗರು. ರಾತ್ರಿ ಪಾಳಿ ಮುಗಿಸಿ ಶನಿವಾರ ಬೆಳಗ್ಗೆ ಐದಕ್ಕೆ ಬರ್ತಾರೆ, ಹನ್ನೆರಡರವರೆಗೆ ಮಲಗ್ತಾರೆ. ಅವರ ತಲೆ ಮೇಲೇ ನಮ್ಮ ಟೆರೇಸು.

ಮೂರು, ನಮ್ಮದೇ ಮಹಡಿಯಲ್ಲಿ ಎರಡು ಬಾಗಿಲು ಆಚೆಯ ಹುಡುಗಿ. ಅವಳಿಗೆ ಭಾನುವಾರ ಮಧ್ಯಾಹ್ನ ನೀಟ್ ಪರೀಕ್ಷೆ, ಎರಡನೇ ಸಲ ಬರೀತಿರೋದು. ಅವಳ ಅಪ್ಪ ಬಾಗಿಲಲ್ಲಿ ನಿಂತು ತುಂಬ ಸಂಕೋಚದಿಂದ, ‘ನಿಮ್ಮ ಮನೆ ಶುಭಕಾರ್ಯ, ಹೇಳಬಾರದು, ಆದ್ರೂ ಶನಿವಾರ ಸಂಜೆ ಸ್ವಲ್ಪ...’ ಅಂತ ಅರ್ಧಕ್ಕೇ ನಿಲ್ಲಿಸಿದರು.

ವಾಲಗಕ್ಕೆ ವಾಲ್ಯೂಮ್ ಬಟನ್ ಇಲ್ಲ

ಶಬ್ದದ ಬಗ್ಗೆ ಕಾನೂನು ಏನು ಹೇಳುತ್ತೆ ಅಂತ ಮೊದಲು ನೋಡಿದೆವು. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ಜನ ವಾಸಿಸೋ ಪ್ರದೇಶದಲ್ಲಿ ಹಗಲಿನ ಮಿತಿ 55 ಡೆಸಿಬಲ್, ರಾತ್ರಿ 45. ಹಗಲು ಅಂದರೆ ಬೆಳಗ್ಗೆ ಆರರಿಂದ ರಾತ್ರಿ ಹತ್ತು. ಇವು ಒಂದು ಕ್ಷಣದ ಅಳತೆಯಲ್ಲ, ಅಷ್ಟೂ ಹೊತ್ತಿನ ಸರಾಸರಿ. ಧ್ವನಿವರ್ಧಕ ಹಾಕಬೇಕಾದರೆ ಲಿಖಿತ ಅನುಮತಿ ಬೇಕು. ಖಾಸಗಿ ಜಾಗದಲ್ಲಿ ಹಾಕಿದರೂ ಅದರ ಗಡಿಯಲ್ಲಿ ಆ ಪ್ರದೇಶದ ಮಿತಿಗಿಂತ 5 ಡೆಸಿಬಲ್‌ಗಿಂತ ಹೆಚ್ಚು ಮೀರಬಾರದು. ಅಂದರೆ ಅಕ್ಕಪಕ್ಕದವರೆಲ್ಲ ‘ಪರವಾಗಿಲ್ಲ ಬಿಡಿ’ ಅಂದ ಮಾತ್ರಕ್ಕೆ ರಾತ್ರಿ ಹತ್ತರ ಗಡುವು ಹನ್ನೊಂದಾಗಲ್ಲ.

ಹಾಗಾದರೆ ವಾಲಗ? ಅದು ಬ್ಲೂಟೂತ್ ಸ್ಪೀಕರ್ ಅಲ್ಲ, ಕಡಿಮೆ ಮಾಡಿ ಅಂದರೆ ಮಾಡೋಕೆ. ಮಾತಾಡಿಸೋಕೆ ಹೋದ ದಿನ ವಾಲಗದವರು ಒಂದೆರಡು ನಿಮಿಷ ನುಡಿಸಿ ತೋರಿಸಿದರು. ಐದು ಮೀಟರ್ ದೂರದಲ್ಲಿ ಫೋನಿನ ಆಪ್ 95ರ ಹತ್ತಿರ ತೋರಿಸಿತು. ಫೋನಿನ ಮೈಕು ಪ್ರಯೋಗಶಾಲೆಯ ಉಪಕರಣ ಅಲ್ಲ, ಆದರೆ ಅಂದಾಜಿಗೆ ಸಾಕು. ಬಯಲಿನಲ್ಲಿ ದೂರ ಎರಡರಷ್ಟಾದಾಗಲೆಲ್ಲ ಶಬ್ದ ಸುಮಾರು 6 ಡೆಸಿಬಲ್ ಇಳಿಯುತ್ತೆ ಅನ್ನೋದು ಎಲ್ಲರೂ ಓದಿರೋದೇ:

```
20 × log10(2) ≈ 6 dB
```

ಐದು ಮೀಟರ್‌ನಲ್ಲಿ 95 ಇದ್ದರೆ ಹತ್ತರಲ್ಲಿ 89, ಇಪ್ಪತ್ತರಲ್ಲಿ 83. ಐವತ್ತೈದಕ್ಕೆ ಇಳೀಬೇಕು ಅಂದರೆ 40 ಡೆಸಿಬಲ್ ಕಮ್ಮಿ ಆಗಬೇಕು, ಅಂದರೆ ನೂರು ಪಟ್ಟು ದೂರ, ಐನೂರು ಮೀಟರ್. ನಮ್ಮ ಕಾಂಪೌಂಡು ಇರೋದು ನಲವತ್ತು ಮೀಟರ್. ಮೇಲಾಗಿ ಪಾರ್ಕಿಂಗಿನ ತಾರಸಿ ಕೆಳಗೆ ಕೂತು ನುಡಿಸಿದರೆ ಈ ಲೆಕ್ಕವೂ ನಡೆಯಲ್ಲ. ಗೋಡೆ, ಕಂಬ, ತಾರಸಿ ಎಲ್ಲ ಸೇರಿ ಶಬ್ದವನ್ನ ಒಳಗೇ ತಿರುಗಿಸಿ ದೊಡ್ಡದು ಮಾಡ್ತವೆ.

ಹಾಗಾಗಿ ದೂರದಿಂದ ಏನೂ ಗಿಟ್ಟಲ್ಲ ಅಂತ ಗೊತ್ತಾಯ್ತು. ನಮ್ಮ ಕೈಯಲ್ಲಿ ಉಳಿದಿದ್ದು ಸಮಯ ಒಂದೇ. ಎಷ್ಟು ಹೊತ್ತು ನುಡಿಸೋದು, ಯಾವಾಗ ನುಡಿಸೋದು. ಪುರೋಹಿತರನ್ನ ಕೇಳಿದರೆ, ‘ಕಂಬ ಪೂಜೆಗೆ ಒಂದು ಸಲ, ಅರಿಶಿನ ಹಚ್ಚೋವಾಗ ಒಂದು ಸಲ ನುಡಿಸಿದ್ರೆ ಸಾಕಪ್ಪ’ ಅಂದರು. ಉಳಿದ ಹೊತ್ತೆಲ್ಲ ನುಡಿಸೋದು ಅಭ್ಯಾಸಬಲ. ಹಾಗೆ ಬೆಳಗ್ಗೆ ಏಳರಿಂದ ಏಳೂ ಇಪ್ಪತ್ತು, ಹತ್ತೂ ಮುಕ್ಕಾಲರಿಂದ ಹನ್ನೊಂದೂ ಐದು. ಒಟ್ಟು ನಲವತ್ತು ನಿಮಿಷ. ಎರಡೂ ಸಲ ಗೇಟಿನ ಪಕ್ಕದ ತೆರೆದ ಜಾಗದಲ್ಲಿ, ತಾರಸಿ ಕೆಳಗಲ್ಲ. ಅಲ್ಲಿ ಚಪ್ಪರದ ಕಂಬ ನೆಡೋಕೆ ಮಣ್ಣೇ ಇಲ್ಲ, ಎಲ್ಲ ಕಾಂಕ್ರೀಟು. ಬಕೆಟಿಗೆ ಮರಳು ತುಂಬಿ ಕಂಬ ನಿಲ್ಲಿಸಿದೆವು. ಅಜ್ಜಿ ಮೊದಲು ಮೂಗು ಮುರಿದರು, ಆಮೇಲೆ ತಾವೇ ಆ ಬಕೆಟಿಗೆ ಅರಿಶಿನ ಕುಂಕುಮ ಹಚ್ಚಿದರು.

ನಿಜವಾದ ಗಲಾಟೆ ಕುರ್ಚಿದು

ನಾಲ್ಕನೇ ಮಹಡಿಯ ಹುಡುಗರ ಹತ್ತಿರ ಮಾತಾಡಿದಾಗ ಗೊತ್ತಾದ ವಿಷಯ ಇದು. ಹೋದ ವರ್ಷ ಬೇರೆ ಒಬ್ಬರ ಮನೆ ಕಾರ್ಯಕ್ರಮಕ್ಕೆ ಟೆರೇಸಿನಲ್ಲಿ ಊಟ ಇತ್ತಂತೆ. ‘ಹಾಡು ಪರವಾಗಿಲ್ಲ, ಕುರ್ಚಿ ಎಳೆಯೋದು ತಡೆಯೋಕಾಗಲ್ಲ’ ಅಂದರು. ಯೋಚಿಸಿದರೆ ಸರಿ ಅನ್ನಿಸಿತು. ಹಾಡು ಗಾಳಿಯಲ್ಲಿ ಬಂದು ಗೋಡೆ, ಕಿಟಕಿ ದಾಟಬೇಕು. ಕುರ್ಚಿಯ ಕಾಲು ನೇರವಾಗಿ ಸ್ಲ್ಯಾಬನ್ನೇ ಅಲುಗಾಡಿಸುತ್ತೆ, ಆ ಸ್ಲ್ಯಾಬೇ ಅವರ ಸೀಲಿಂಗು. ಕಿಟಕಿ ಮುಚ್ಚಿಕೊಂಡರೂ ಪ್ರಯೋಜನ ಇಲ್ಲ.

ಇದಕ್ಕೆ ಮಾಡಿದ್ದು ಎರಡು ಕೆಲಸ. ಕುರ್ಚಿ ಟೇಬಲ್ಲನ್ನ ಶನಿವಾರ ಬೆಳಗ್ಗೆ ಜೋಡಿಸೋ ಬದಲು ಶುಕ್ರವಾರ ಸಂಜೆಯೇ ಜೋಡಿಸಿ ಮುಗಿಸಿದೆವು, ಹುಡುಗರು ಆಫೀಸಿಗೆ ಹೊರಟ ಮೇಲೆ. ಪಂಕ್ತಿ ಬರೋ ಜಾಗಕ್ಕೆಲ್ಲ ಶಾಮಿಯಾನದವರ ಹತ್ತಿರವೇ ಕಾರ್ಪೆಟ್ ಬಾಡಿಗೆಗೆ ತಗೊಂಡು ಹಾಸಿದೆವು. ಊಟ ಹನ್ನೆರಡೂ ಕಾಲಿಗೆ ಶುರು, ಅದಕ್ಕಿಂತ ಮುಂಚೆ ಟೆರೇಸಿಗೆ ಯಾರನ್ನೂ ಬಿಡಲ್ಲ.

ಇನ್ನೊಂದು ವಿಷಯ. ಫಂಕ್ಷನ್ ಹತ್ತರಿಂದ ಮೂರು ಅಂತ ನೋಟೀಸಿನಲ್ಲಿ ಬರೆದರೆ ಅದು ಪೂರ್ತಿ ನಿಜ ಆಗಲ್ಲ. ಶಬ್ದ ಶುರುವಾಗೋದು ಶಾಮಿಯಾನದ ಲಾರಿ ಬಂದಾಗ, ಮುಗಿಯೋದು ಅದೇ ಲಾರಿ ಹೋದಾಗ. ಶಾಮಿಯಾನದವರು ಬೇರೆ ಆರ್ಡರ್ ಇದ್ದರೆ ರಾತ್ರಿ ಹನ್ನೊಂದಕ್ಕೆ ಬಂದು ಬಿಚ್ಚುತ್ತಾರೆ, ಕಬ್ಬಿಣದ ಪೈಪುಗಳನ್ನ ಒಂದರ ಮೇಲೊಂದು ಎಸೀತಾರೆ. ಇಡೀ ದಿನ ಸಹಿಸಿಕೊಂಡ ನೆರೆಯವರಿಗೆ ಸಿಟ್ಟು ಬರೋದು ಆಗಲೇ. ಬುಕ್ ಮಾಡೋವಾಗಲೇ ‘ಭಾನುವಾರ ಬೆಳಗ್ಗೆ ಹನ್ನೊಂದರ ಮೇಲೆ ಬಿಚ್ಚಬೇಕು’ ಅಂತ ಮಾತಾಡಿ, ಒಂದು ದಿನದ ಬಾಡಿಗೆ ಹೆಚ್ಚು ಕೊಟ್ಟೆವು. ಹನ್ನೊಂದು ಯಾಕೆ ಅಂದರೆ, ನೀಟ್ ಕೇಂದ್ರದ ಗೇಟು ಮಧ್ಯಾಹ್ನ ಒಂದೂವರೆಗೆ ಮುಚ್ಚುತ್ತೆ, ಆ ಹುಡುಗಿ ಹತ್ತೂವರೆಗೆ ಮನೆ ಬಿಡ್ತಾಳೆ ಅಂತ ಅವಳ ಅಪ್ಪ ಹೇಳಿದ್ದರು.

ಗಾಡಿ ಎಣಿಸೋದು ತಲೆ ಎಣಿಸಿದಂತಲ್ಲ

ಪಾರ್ಕಿಂಗಿಗೆ ನೂರಿಪ್ಪತ್ತು ಜನ ಅನ್ನೋ ಲೆಕ್ಕ ಉಪಯೋಗಕ್ಕೆ ಬರಲ್ಲ. ಒಂದು ಸಂಜೆ ಕೂತು ಪ್ರತಿ ಮನೆಗೂ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿದೆವು: ‘ಹೆಂಗೆ ಬರ್ತೀರ?’ ಮಂಡ್ಯ ಕಡೆಯಿಂದ ಮೂವತ್ತು ಜನ ಎರಡು ಟಿಟಿಯಲ್ಲಿ. ಮೆಟ್ರೋ, ಬಸ್ಸು, ಆಟೋದಲ್ಲಿ ಇಪ್ಪತ್ತೆರಡು. ಹದಿನಾಲ್ಕು ಬೈಕಿನಲ್ಲಿ ಇಪ್ಪತ್ನಾಲ್ಕು. ಉಳಿದ ನಲವತ್ನಾಲ್ಕು ಜನಕ್ಕೆ ಹನ್ನೊಂದು ಕಾರು. ನಮಗಿರೋ ಜಾಗ ನಾಲ್ಕು.

ನಾಲ್ಕು ಜಾಗವನ್ನ ವಯಸ್ಸಾದವರು ಬರೋ ಕಾರುಗಳಿಗೆ ಹೆಸರು ಹಾಕಿ ಇಟ್ಟೆವು. ಉಳಿದ ಏಳು ಕಾರಿಗೆ ಹಿಂದಿನ ರಸ್ತೆಯ ಒಂದು ಖಾಲಿ ಸೈಟಿನ ಮಾಲೀಕರನ್ನ ಹುಡುಕಿ ಕೇಳಿದೆವು. ಟಿಟಿಗಳು ಗೇಟಿನಲ್ಲಿ ಜನರನ್ನ ಇಳಿಸಿ ಅದೇ ಸೈಟಿಗೆ ಹೋಗಬೇಕು. ಬೈಕುಗಳು ಕಾಂಪೌಂಡಿನ ಒಳಗೆ, ಗೋಡೆ ಪಕ್ಕ.

ಆದರೆ ಇದನ್ನೆಲ್ಲ ನೆರೆಯವರಿಗೆ ಬರೆದರೆ ಏನು ಬಂತು? ಗಾಡಿ ತರೋರು ಅವರಲ್ಲ. ‘ನಿಮ್ಮ ಜಾಗದಲ್ಲಿ ಯಾರೂ ಗಾಡಿ ಇಡಲ್ಲ’ ಅಂತ ನೋಟೀಸಿನಲ್ಲಿ ಮಾತು ಕೊಡೋರು ನಾವು, ಆ ಮಾತು ಉಳಿಸಬೇಕಾದವನು ಆ ನೋಟೀಸನ್ನ ಜನ್ಮದಲ್ಲಿ ಓದದ ಚನ್ನರಾಯಪಟ್ಟಣದ ಮಾವ. ಅದಕ್ಕೆ ನೆಂಟರಿಗೂ ಒಂದು ಬೇರೆ ನೋಟೀಸು ಬರೆದೆವು. ಸೈಟಿನ ಲೊಕೇಶನ್, ಸೈಟಿನಿಂದ ಮನೆಗೆ ನಡೆದು ಬರೋ ದಾರಿಯ ಎರಡು ಫೋಟೋ, ಒಂದೇ ಒಂದು ಸಾಲು: ‘ಗೇಟಿನಲ್ಲಿ ಇಳಿಸೋಕೆ ಮಾತ್ರ ನಿಲ್ಲಿಸಿ, ಕೀ ಗೇಟಿನಲ್ಲಿರೋ ತಮ್ಮನ ಕೈಗೆ ಕೊಡಿ.’ ಮೆಸೇಜು ಎಷ್ಟು ಜನ ಓದ್ತಾರೆ ಅನ್ನೋದು ನಮಗೂ ಗೊತ್ತು. ಹಾಗಾಗಿ ಗೇಟಿನಲ್ಲಿ ಒಬ್ಬ ನಿಂತಿರಲೇಬೇಕು.

ಗೇಟು, ಲಿಫ್ಟು, ಜನ

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಹೊರಗಿನವರು ಬಂದರೆ ಸೆಕ್ಯೂರಿಟಿ ಮನೆಗೆ ಇಂಟರ್‌ಕಾಮ್ ಮಾಡಿ ಕೇಳಿಯೇ ಬಿಡಬೇಕು. ನೂರಿಪ್ಪತ್ತು ಜನಕ್ಕೆ ಹಾಗೆ ಮಾಡಿದರೆ ಮದುವೆ ಮನೆಯಲ್ಲಿ ಫೋನ್ ಎತ್ತೋರೂ ಇರಲ್ಲ. ‘ಎಲ್ಲರನ್ನೂ ಬಿಟ್ಬಿಡಿ’ ಅಂದರೆ ಅದು ಉಳಿದ ಮೂವತ್ತೊಂದು ಮನೆಯ ಬಾಗಿಲನ್ನೂ ತೆರೆದಿಟ್ಟಂತೆ. ನಡುವಿನ ದಾರಿ ಇದು: ಗಾಡಿ ನಂಬರು, ಹೆಸರು ಇರೋ ಒಂದು ಪಟ್ಟಿ ಸೆಕ್ಯೂರಿಟಿ ಅಣ್ಣನ ಕೈಗೆ, ಬಂದವರ ಮುಖ ಗುರುತು ಹಿಡಿಯೋಕೆ ನಮ್ಮಲ್ಲೊಬ್ಬ ಒಂಬತ್ತೂವರೆಯಿಂದ ಹನ್ನೆರಡೂವರೆ ತನಕ ಅವರ ಪಕ್ಕ.

ಲಿಫ್ಟಿನ ವಿಷಯ ಯಾವ ನೋಟೀಸಿನಲ್ಲೂ ನಾವು ನೋಡಿಲ್ಲ. ನಮ್ಮ ಲಿಫ್ಟಿನ ಒಳಗೆ ‘8 ಜನ, 544 ಕೆಜಿ’ ಅಂತ ಬರೆದಿದೆ, ತಲೆಗೆ 68 ಕೆಜಿ ಲೆಕ್ಕ. ರೇಷ್ಮೆ ಸೀರೆ, ಮಕ್ಕಳು, ತಾಂಬೂಲದ ಚೀಲ ಎಲ್ಲ ಸೇರಿ ಒಂದು ಸಲಕ್ಕೆ ಆರು ಜನ ಹಿಡಿದರೆ ಹೆಚ್ಚು. ಟೆರೇಸಿಗೆ ಹೋಗಿ ಕೆಳಗೆ ಬರೋಕೆ ಬಾಗಿಲು ತೆರೆದು ಮುಚ್ಚೋದೂ ಸೇರಿ ಎರಡು ನಿಮಿಷ. ನೂರಿಪ್ಪತ್ತು ಜನ ಅಂದರೆ ಇಪ್ಪತ್ತು ಸಲ, ನಲವತ್ತು ನಿಮಿಷ. ಅಷ್ಟು ಹೊತ್ತು ಮೂರನೇ ಮಹಡಿಯ ಅಜ್ಜಿ ತರಕಾರಿ ಚೀಲ ಹಿಡಿದು ಕೆಳಗೆ ನಿಂತಿರಬೇಕು.

ಊಟವನ್ನ ಎರಡು ಪಂಕ್ತಿ ಮಾಡಿದ್ದರಿಂದ ಇದು ಅರ್ಧಕ್ಕಿಳಿಯಿತು. ಐವತ್ತು ದಾಟದವರೆಲ್ಲ ಮೆಟ್ಟಿಲು ಅಂತ ಮಾಡಿದ್ದರಿಂದ ಇನ್ನೂ ಇಳಿಯಿತು. ಅಡುಗೆ ಬೇರೆ ಕಡೆ ಮಾಡಿಸಿದ್ದೆವು, ಟೆರೇಸಿನ ಮೇಲೆ ಸಿಲಿಂಡರ್ ಬೇಡ ಅಂತ. ಪಾತ್ರೆಗಳು ಹತ್ತು ಗಂಟೆಯೊಳಗೆ ಲಿಫ್ಟಿನಲ್ಲಿ ಮೇಲೆ ಹೋಗಿ, ಅಲ್ಲೇ ಮೂಲೆಯಲ್ಲಿ ಮುಚ್ಚಿಟ್ಟುಕೊಂಡಿರಬೇಕು ಅಂತ ಮಾತಾಡಿದೆವು. ಸಾರಿನ ಕೊಳಗ ಲಿಫ್ಟಿನಲ್ಲಿ ಇದ್ದಾಗ ಬೇರೆ ಯಾರೂ ಹತ್ತೋಕಾಗಲ್ಲ, ಅದನ್ನ ಮಧ್ಯಾಹ್ನ ಮಾಡಬಾರದು.

ಸಂಜೆಯ ಸ್ಪೀಕರ್

ಇಷ್ಟೆಲ್ಲ ಹೊಂದಿಸಿದರೂ ಒಂದು ವಿಷಯ ಉಳಿದಿತ್ತು. ಶನಿವಾರ ಸಂಜೆ ಆರರಿಂದ ಹತ್ತರವರೆಗೆ ಸ್ಪೀಕರ್ ಹಾಕಿ ಕುಣಿಯೋದು ಅಂತ ದೊಡ್ಡಪ್ಪನ ಮಕ್ಕಳು ತಿಂಗಳಿಂದ ಪ್ಲಾನ್ ಮಾಡಿದ್ದರು. ಹಾಡಿನ ಪಟ್ಟಿ, ಸ್ಟೆಪ್ಪು ಎಲ್ಲ ತಯಾರು. ಹತ್ತರ ಒಳಗೇ ಮುಗಿಸ್ತೀವಲ್ಲ, ನಿಯಮ ಮೀರಲ್ಲವಲ್ಲ ಅನ್ನೋದು ಅವರ ವಾದ. ಆ ವಾದದಲ್ಲಿ ಸಂಜೆ ಮಾತ್ರ ಇತ್ತು, ಪಕ್ಕದ ಮನೆ ಇರಲಿಲ್ಲ. ಎರಡು ವರ್ಷ ಓದಿದ ಹುಡುಗಿ ಅದೇ ನಾಲ್ಕು ಗಂಟೆ ಕೊನೆಯ ಸಲ ಪುಸ್ತಕ ತಿರುವಿ ಹಾಕಿ, ಬೇಗ ಮಲಗಬೇಕು. ಬಾಸಿನ ಡಬ್‌ಡಬ್ ತಡೆಯೋದು ತುಂಬ ಕಷ್ಟ. ಗೋಡೆ ಚಿಕ್ಕ ಧ್ವನಿನ ತಡೆದಷ್ಟು ಸುಲಭವಾಗಿ ತಗ್ಗಿನ ಆವರ್ತನವನ್ನ ತಡೆಯಲ್ಲ.

ಮನೆಯಲ್ಲಿ ಒಂದು ರಾತ್ರಿ ಇದೇ ಚರ್ಚೆ. ದೊಡ್ಡಪ್ಪ ‘ಮದುವೆ ಮನೇಲಿ ಮಕ್ಕಳು ಕುಣೀಬಾರದೇನಪ್ಪಾ?’ ಅಂದರು. ಅಪ್ಪ ಏನೂ ಹೇಳಲಿಲ್ಲ. ಕೊನೆಗೆ ಮಾತಾಡಿದ್ದು ಅಕ್ಕ: ‘ನನ್ನ ಸಿಇಟಿ ಹಿಂದಿನ ದಿನ ಪಕ್ಕದ ಬೀದೀಲಿ ಆರ್ಕೆಸ್ಟ್ರಾ ಇತ್ತು. ಅಮ್ಮಂಗೆ ನೆನಪಿದೆ. ಕುಣಿಯೋದು ಭಾನುವಾರ ಛತ್ರದಲ್ಲಿ ಇಟ್ಕೊಳ್ಳಿ.’ ಅಣ್ಣಂದಿರು ಎರಡು ದಿನ ಮಾತು ಬಿಟ್ಟರು. ಶನಿವಾರ ಸಂಜೆ ಹಾಲಿನಲ್ಲಿ ಕಿಟಕಿ ಮುಚ್ಚಿ ಅಜ್ಜಿ, ದೊಡ್ಡಮ್ಮ ಸೋಬಾನೆ ಹೇಳಿದರು, ಮೈಕಿಲ್ಲದೆ, ಎಂಟರವರೆಗೆ.

ಕೊನೆಗೆ ಹೋದ ಹಾಳೆ

ಎರಡನೇ ನೋಟೀಸು ಹೀಗಿತ್ತು:

*ನಮಸ್ಕಾರ. ಎರಡನೇ ಮಹಡಿಯ ನಮ್ಮ ಮನೆಯಲ್ಲಿ ಈ ಶನಿವಾರ ಅಕ್ಕನ ಚಪ್ಪರ ಮತ್ತು ಅರಿಶಿನ ಶಾಸ್ತ್ರ. ಸುಮಾರು 120 ಜನ ಬರುತ್ತಾರೆ.*

*ಶಬ್ದ: ಶುಕ್ರವಾರ ಸಂಜೆ 5ರಿಂದ 8, ಟೆರೇಸಿನಲ್ಲಿ ಶಾಮಿಯಾನ ಕಟ್ಟುವುದು. ಶನಿವಾರ ಬೆಳಗ್ಗೆ 7ರಿಂದ 7.20 ಮತ್ತು 10.45ರಿಂದ 11.05, ಗೇಟಿನ ಬಳಿ ವಾಲಗ. 12.15ರಿಂದ 2.45, ಟೆರೇಸಿನಲ್ಲಿ ಊಟ. ನಾಲ್ಕನೇ ಮಹಡಿಗೆ ಓಡಾಟದ ಸದ್ದು ಕೇಳಬಹುದು. ಸಂಜೆ 4ರ ನಂತರ ಹೊರಗೆ ಶಬ್ದ ಇಲ್ಲ. ಸ್ಪೀಕರ್ ಇಲ್ಲ. ಶಾಮಿಯಾನ ಬಿಚ್ಚುವುದು ಭಾನುವಾರ ಬೆಳಗ್ಗೆ 11ರ ಮೇಲೆ.*

*ಗಾಡಿ: ನಿಮ್ಮ ಜಾಗ ನಿಮ್ಮದೇ. ಹೊರಗಿನವರ ನಾಲ್ಕು ಜಾಗ ಶನಿವಾರ 9ರಿಂದ 4ರವರೆಗೆ ನಮಗೆ ಬೇಕು; ನಿಮ್ಮ ಮನೆಗೂ ಅವತ್ತು ಯಾರಾದರೂ ಬರುವುದಿದ್ದರೆ ಹೇಳಿ, ಒಂದು ಬಿಡುತ್ತೇವೆ. ಗೇಟಿನ ದಾರಿ ಯಾವಾಗಲೂ ಖಾಲಿ ಇರುತ್ತದೆ.*

*ಲಿಫ್ಟು: 12ರಿಂದ 12.30 ಮತ್ತು 1.15ರಿಂದ 1.45 ಕಾಯಬೇಕಾಗಬಹುದು. ನಿಮಗೆ ತುರ್ತಿದ್ದರೆ ಹೇಳಿ, ನಮ್ಮವರು ಇಳಿದು ಜಾಗ ಕೊಡುತ್ತಾರೆ.*

*ಏನೇ ತೊಂದರೆ ಆದರೂ ಈ ಎರಡು ನಂಬರಿಗೆ ಫೋನ್ ಮಾಡಿ. ಒಬ್ಬರು ಗೇಟಿನಲ್ಲಿ, ಒಬ್ಬರು ಟೆರೇಸಿನಲ್ಲಿ ಇರುತ್ತೇವೆ.*

ಕೊನೆಯ ಸಾಲಿನ ನಂಬರು ನಮ್ಮದು, ಅಪ್ಪನದಲ್ಲ. ಮದುವೆ ಹುಡುಗಿಯ ಅಪ್ಪ ಆ ದಿನ ಪಂಚೆ ಉಟ್ಟು ಹೋಮದ ಮುಂದೆ ಕೂತಿರ್ತಾರೆ, ಅವರ ಫೋನು ಯಾವುದೋ ಬೀರುವಿನಲ್ಲಿರುತ್ತೆ. ಫೋನ್ ಎತ್ತೋಕಾಗದವರ ನಂಬರು ಕೊಡೋದಕ್ಕಿಂತ ಕೊಡದೇ ಇರೋದೇ ಮೇಲು. ‘ದಯವಿಟ್ಟು ಸಹಕರಿಸಿ’ ಅನ್ನೋ ಸಾಲನ್ನ ಕೊನೆಗೆ ತೆಗೆದೇಬಿಟ್ಟೆವು. ಅವರು ಮಾಡಬೇಕಾದ್ದು ಏನೂ ಉಳಿದಿರಲಿಲ್ಲ.

ಶನಿವಾರ ಫೋನ್ ಬಂದಿದ್ದು ಒಂದೇ ಸಲ, ಹನ್ನೊಂದೂ ಹತ್ತಕ್ಕೆ. ತಾತನ ಮಗಳು. ಒಂದು ಬಿಳಿ ಕಾರು ಗೇಟಿಗೆ ಅಡ್ಡ ನಿಂತಿದೆ ಅಂತ. ಯಾರೋ ದೂರದ ನೆಂಟರು ‘ಅಜ್ಜಿನ ಮೇಲೆ ಬಿಟ್ಟು ಎರಡೇ ನಿಮಿಷಕ್ಕೆ ಬರ್ತೀನಿ’ ಅಂತ ಹೋದವರು ಕಾಫಿಗೆ ಕೂತಿದ್ದರು. ಕೀ ಮಾತ್ರ ನಮ್ಮ ಕೈಗೆ ಕೊಟ್ಟು ಹೋಗಿದ್ದರು. ಅವರನ್ನ ಹುಡುಕೋ ಕೆಲಸವೇ ಬರಲಿಲ್ಲ, ಒಂದು ನಿಮಿಷದಲ್ಲಿ ಕಾರು ಸೈಟಿನ ದಾರಿ ಹಿಡಿದಿತ್ತು. ತಾತನಿಗೆ ಏನೂ ಆಗಿರಲಿಲ್ಲ. ಅವರ ಮಗಳು ಬಾಲ್ಕನಿಯಿಂದ ಆ ದಾರಿ ನೋಡ್ತಾನೇ ಇದ್ದರು, ಅಷ್ಟೆ.

ಭಾನುವಾರ ಹತ್ತೂವರೆಗೆ ಆ ಹುಡುಗಿ ಅವಳ ಅಪ್ಪನ ಜೊತೆ ಸ್ಕೂಟರ್ ಹತ್ತಿ ಹೊರಟಳು. ಫಲಿತಾಂಶ ಏನಾಯ್ತು ಅಂತ ನಾವು ಕೇಳಲು ಹೋಗಿಲ್ಲ. ಹನ್ನೊಂದಕ್ಕೆ ಶಾಮಿಯಾನದವರು ಬಂದರು. ಪೈಪುಗಳನ್ನ ಎಂದಿನ ಹಾಗೆ ಎಸೆದರು, ಒಂದೊಂದಕ್ಕೂ ಇಡೀ ಕಟ್ಟಡ ಠಣ್ ಅಂತಿತ್ತು. ಒಬ್ಬರೂ ಕಿಟಕಿ ತೆಗೆದು ಬೈಯಲಿಲ್ಲ. ಹನ್ನೊಂದಕ್ಕೆ ಠಣ್ ಅನ್ನುತ್ತೆ ಅಂತ ಎಲ್ಲರ ಹತ್ತಿರವೂ ಬರೆದುಕೊಟ್ಟಿತ್ತಲ್ಲ.